ಅಮೆರಿಕದ ಫಾರ್ಮಿಗೆ ಎಂಎಂಆರ್ ಲೆಕ್ಕ ಹಾಕುವುದು ಹೇಗೆ

ಓದಲು ಅಮೆರಿಕಕ್ಕೆ ಹೊರಟ ಮಕ್ಕಳ ಲಸಿಕೆ ಫಾರ್ಮು ತುಂಬಿಸುವಾಗ ನಾನು ಮೊದಲು ನೋಡುವುದು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆಯಾದ ಎಂಎಂಆರ್ ಸಾಲನ್ನು. ನಮ್ಮವರ ಫಾರ್ಮು ಹೆಚ್ಚಾಗಿ ವಾಪಸ್ ಬರುವುದು ಅಲ್ಲಿಂದಲೇ. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಎರಡು ಡೋಸ್: ಮೊದಲನೆಯದು ಒಂದು ವರ್ಷ ತುಂಬಿದ ಮೇಲೆ, ಎರಡನೆಯದು ಅದಾಗಿ ಕನಿಷ್ಠ 28 ದಿನಕ್ಕೆ.

2007ರ ಮಾರ್ಚ್‌ನಲ್ಲಿ ಹುಟ್ಟಿದ ಹುಡುಗಿ ಎಂದುಕೊಳ್ಳಿ. ತಾಯಿ ಕಾರ್ಡಿನಲ್ಲಿ ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದು ಇದೆ, 5/6/2008ರಂದು ಎಂಎಂಆರ್ ಇದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ನಡೆದ ಎಂಆರ್ ಅಭಿಯಾನದಲ್ಲೂ ಹಾಕಿಸಿಕೊಂಡಿದ್ದಾಳೆ. ಮನೆಯವರ ಲೆಕ್ಕದಲ್ಲಿ ಮೂರು ಡೋಸ್. ಆದರೆ ಒಂಬತ್ತನೇ ತಿಂಗಳಿನದು ಅಲ್ಲಿ ಲೆಕ್ಕಕ್ಕಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಲಸಿಕೆಯನ್ನು ಸರಿಯಾಗಿ ಹತ್ತಲು ಬಿಡದಿರಬಹುದು. ಎಂಆರ್‌ನಲ್ಲಿ ದಡಾರ, ರುಬೆಲ್ಲಾ ಮಾತ್ರ ಇದೆ, ಮಂಗನಬಾವು ಇಲ್ಲ. ಅದರ ಚೀಟಿ ಸಿಕ್ಕರೂ ಮಂಗನಬಾವಿಗೆ ಒಂದು ಡೋಸ್ ಕಡಿಮೆಯೇ.

ಇಂಥವರಿಗೆ ಇನ್ನೊಂದು ಎಂಎಂಆರ್ ಹಾಕಿಸಿದರೆ ಮುಗಿಯಿತು, ಮೊದಲಿನಿಂದ ಶುರುಮಾಡಬೇಕಿಲ್ಲ. ಕಾರ್ಡೇ ಕಳೆದುಹೋಗಿದ್ದರೆ 28 ದಿನದ ಅಂತರದಲ್ಲಿ ಎರಡು ಡೋಸ್. ಈಗಾಗಲೇ ರಕ್ಷಣೆ ಇರುವವರಿಗೆ ಮತ್ತೆ ಹಾಕಿದರೂ ಅದರಿಂದ ತೊಂದರೆಯಿಲ್ಲ. ಆದರೆ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಈ ಲಸಿಕೆ ಕೊಡುವಂತಿಲ್ಲ.

ಡೋಸಿನ ಬದಲು ರಕ್ಷಣೆ ಇದೆಯೆಂದು ತೋರಿಸಲು ರಕ್ತಪರೀಕ್ಷೆ ಮಾಡಿಸುವುದಾದರೆ ಲ್ಯಾಬಿನ ಚೀಟಿಯಲ್ಲಿ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಐಜಿಜಿ ಎಂದು ಬರೆಸಿ. ಐಜಿಎಂ ಬರೆದರೆ ದುಡ್ಡು ದಂಡ, ಅದು ಈಗಷ್ಟೇ ತಗುಲಿದ ಸೋಂಕನ್ನು ಹುಡುಕುವ ಪರೀಕ್ಷೆ. ವರದಿಯಲ್ಲಿ ಅಂಕಿಯೂ ಲ್ಯಾಬಿನ ಮಿತಿಯೂ ಇರಲಿ. ಬರೀ ‘ಪಾಸಿಟಿವ್’ ಎಂದಿದ್ದರೆ ಕೆಲವು ಕಡೆ ಒಪ್ಪುವುದಿಲ್ಲ. ಮೂರರಲ್ಲಿ ಒಂದು ‘ಈಕ್ವಿವೋಕಲ್’, ಅಂದರೆ ಅಸ್ಪಷ್ಟ, ಎಂದು ಬಂದರೂ ಇಲ್ಲವೆಂದೇ ಲೆಕ್ಕ, ಕೊನೆಗೆ ಚುಚ್ಚುಮದ್ದಿಗೇ ಬರಬೇಕು. ಹಾಗಾಗಿ ಒಂದು ಡೋಸ್ ಮಾತ್ರ ಬಾಕಿ ಇದ್ದವರಿಗೆ ನಾನು ನೇರವಾಗಿ ಲಸಿಕೆಯನ್ನೇ ಹೇಳುತ್ತೇನೆ.

ಕ್ಷಯದ ಪರೀಕ್ಷೆಯ ಜೊತೆ ಇದನ್ನು ಹೊಂದಿಸಿಕೊಳ್ಳದಿದ್ದರೆ ಒಂದು ತಿಂಗಳು ಹೋಗುತ್ತದೆ. ಎಂಎಂಆರ್‌ನಲ್ಲಿರುವುದು ಜೀವಂತ ವೈರಸ್, ಅದು ಕೆಲವು ವಾರ ಕ್ಷಯದ ಪರೀಕ್ಷೆಯ ಫಲಿತಾಂಶವನ್ನು ಮಂಕಾಗಿಸಬಹುದು. ಕ್ಷಯದ ರಕ್ತಪರೀಕ್ಷೆಯಾದ ಕ್ವಾಂಟಿಫೆರಾನ್‌ಗೆ ರಕ್ತವನ್ನು ಎಂಎಂಆರ್ ಹಾಕಿಸುವ ದಿನವೇ ಅಥವಾ ಮೊದಲೇ ಕೊಡಿ, ಇಲ್ಲವಾದರೆ ನಾಲ್ಕು ವಾರ ಕಾಯಬೇಕು. ಚಿಕನ್‌ಪಾಕ್ಸ್‌ನ ವ್ಯಾರಿಸೆಲ್ಲಾ ಲಸಿಕೆಯೂ ಜೀವಂತದ್ದೇ: ಎಂಎಂಆರ್ ಜೊತೆ ಅದೇ ದಿನ ಹಾಕಿಸಬಹುದು, ತಪ್ಪಿದರೆ 28 ದಿನದ ಅಂತರ ಬೇಕು. ಕ್ಷಯಕ್ಕೆ ಬಿಸಿಜಿ ಲಸಿಕೆ ಹಾಕಿಸಿಕೊಂಡವರು ಕೈಮೇಲೆ ಚುಚ್ಚುವ ಪರೀಕ್ಷೆಯ ಬದಲು ಕ್ವಾಂಟಿಫೆರಾನ್ ರಕ್ತಪರೀಕ್ಷೆ ಕೇಳಿ. ಬಿಸಿಜಿಯಿಂದಲೇ ಕೈ ಊದಿಕೊಂಡು ಸುಳ್ಳು ಪಾಸಿಟಿವ್ ಬರಬಹುದು.

ಫಾರ್ಮಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕಾರ್ಡಿನ 5/6/2008 ಅಲ್ಲಿ 06/05/2008 ಆಗಬೇಕು. ಹಾಗೇ ಇಳಿಸಿದರೆ ಜೂನ್ 5 ಅವರಿಗೆ ಮೇ 6 ಆಗುತ್ತದೆ, ಜೊತೆಗಿಟ್ಟ ಕಾರ್ಡಿನ ಅನುವಾದಕ್ಕೆ ತಾಳೆಯಾಗುವುದಿಲ್ಲ. ಪ್ರತಿ ಡೋಸಿನ ತಾರೀಕು ಬರೆದು, ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ ಹಾಕಿಸಿಯೇ ಸ್ಕ್ಯಾನ್ ಮಾಡಿ.