ಆರು ಡಿಗ್ರಿ ಕೊರತೆ ನೀಗಿದ್ದು ಹೀಗೆ: ಶಾವಿಗೆ ಡ್ರೈಯರ್‌ಗೆ ಇಂಟಿಗ್ರೇಟರ್ ಹಾಕಿದ ನನ್ನ ಅನುಭವ

ದಾವಣಗೆರೆಯ ನಿಟುವಳ್ಳಿ ಕಡೆ ಒಬ್ಬ ಅಕ್ಕ ಶಾವಿಗೆ, ಸಂಡಿಗೆ ಮಾಡಿ ಮಾರ್ತಾರೆ. ಮಳೆಗಾಲಕ್ಕೆ ಅಂತ ಟ್ರೇ ಡ್ರೈಯರ್ ಇಟ್ಕೊಂಡಿದ್ದಾರೆ, 6 ಕಿಲೋವ್ಯಾಟ್ ಹೀಟರ್, ಒಂದು ಬ್ಲೋವರ್. ಮೊನ್ನೆ ಅದು 60 ಡಿಗ್ರಿಗೆ ಬಂದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಲ್ಲೇ ನಿಂತಿತ್ತು. ಇದು ಆಗೋದಿಲ್ಲ ಅಂದವರು ಇಬ್ಬರಿದ್ದರು, ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ನಾನು ಬರೀ ಪ್ರೊಪೋರ್ಷನಲ್ ಹಾಕಿದ್ದೆ, ಅಂದರೆ ಕೊರತೆ ಎಷ್ಟೋ ಅದಕ್ಕೆ ತಕ್ಕಷ್ಟು ಪವರ್. ಒಂದು ಡಿಗ್ರಿ ಕೊರತೆಗೆ 5 ಪರ್ಸೆಂಟ್ ಪವರ್, ಹತ್ತು ಸೆಕೆಂಡಿನ ಕಿಟಕಿಯಲ್ಲಿ ಹೀಟರಿನ ಎಲೆಕ್ಟ್ರಾನಿಕ್ ಸ್ವಿಚ್ಚಾದ ಎಸ್‌ಎಸ್‌ಆರ್ ಆನ್-ಆಫ್. ಸೆಟ್ 60 ಇಟ್ಟರೆ ಏರ್ತಾ ಏರ್ತಾ 53.6ರ ಹತ್ತಿರ ನಿಂತುಬಿಡೋದು. ಅರ್ಧ ಗಂಟೆ ಕಾದರೂ ಅಷ್ಟೇ. ಒಂದು ಕಂಪನಿಯವರು ಬಂದು ನೋಡಿ, ಹೀಟರ್ ಸಾಲಲ್ಲ, ಹೊಸ ಪ್ಯಾನೆಲ್ ಸಮೇತ ಅರವತ್ತೈದು ಸಾವಿರ ಆಗುತ್ತೆ ಅಂದರು. ಅಕ್ಕ ನನ್ನ ಮುಖ ನೋಡಿದರು. ನಾನು ಎಸ್‌ಎಸ್‌ಆರ್ ದೀಪ ತೋರಿಸಿದೆ: ಹತ್ತು ಸೆಕೆಂಡಿಗೆ ಮೂರು ಸೆಕೆಂಡು ಚಿಲ್ಲರೆ ಮಾತ್ರ ಉರೀತಿತ್ತು. "ಅಕ್ಕಾ, ಆರು ಡಿಗ್ರಿ ಕಮ್ಮಿ ಇದ್ರೂ ಹೀಟರು ಮೂರರಲ್ಲಿ ಒಂದು ಪಾಲೂ ದುಡೀತಿಲ್ಲ. ಹೀಟರಿನ ತಪ್ಪಲ್ಲ ಇದು" ಅಂದೆ.

ಲೆಕ್ಕ ಹೀಗಿದೆ. ಫುಲ್ ಪವರ್ ಕೊಟ್ಟರೆ ಈ ಪೆಟ್ಟಿಗೆ ಹೊರಗಿನ ಗಾಳಿಗಿಂತ ಸುಮಾರು 80 ಡಿಗ್ರಿ ಮೇಲೆ ಹೋಗುತ್ತೆ, ಅಂದರೆ ಒಂದು ಪರ್ಸೆಂಟಿಗೆ 0.8 ಡಿಗ್ರಿ. ಹೊರಗೆ 28 ಇತ್ತು. ಬೇಕಾದ ಏರಿಕೆ 32, ಅದನ್ನು ಹಿಡಿದಿಡೋಕೆ 40 ಪರ್ಸೆಂಟ್ ಪವರ್ ಬೇಕು. ಆ 40 ಎಲ್ಲಿಂದ ಬರಬೇಕು? ಬರೀ ಪ್ರೊಪೋರ್ಷನಲ್‌ನಲ್ಲಿ ಕೊರತೆ ಸೊನ್ನೆಯಾದರೆ ಪವರೂ ಸೊನ್ನೆ. ಹೀಟರ್ ಉರಿಯೋಕೇ ಕೊರತೆ ಬೇಕು. ಈ 5ಕ್ಕೆ ಗೇನ್ ಅಂತಾರೆ, ಅದನ್ನು ಪೆಟ್ಟಿಗೆಯ 0.8ರಿಂದ ಗುಣಿಸಿದರೆ ಲೂಪ್ ಗೇನ್, 5 × 0.8 = 4, ಹಾಗಾಗಿ ಉಳಿಯೋ ಎರರ್:

```
e = 32 / (1 + 4) = 6.4
```

ಪವರ್ 5 × 6.4 = 32 ಪರ್ಸೆಂಟ್. ದೀಪ ಉರೀತಿದ್ದದ್ದೂ ಅಷ್ಟೇ. ಲೂಪಿನಲ್ಲಿ ಕೊರತೆಯನ್ನು ಕೂಡಿಸ್ತಾ ಹೋಗೋ ಇಂಟಿಗ್ರೇಟರ್ ಇಲ್ಲದ ಈ ಸ್ಥಿತಿಗೇ ಟೈಪ್ 0 ಅನ್ನೋದು.

ಪ್ಯಾನೆಲ್ ಕೆಲಸ ಮಾಡೋ ನನ್ನ ಗೆಳೆಯ "ಗೇನ್ ಏರಿಸೋ ಮಾರಾಯ, ಐ ಹಾಕಬೇಡ, ಕುಣಿಯುತ್ತೆ" ಅಂದ. ಐ ಅಂದರೆ ಇಂಟಿಗ್ರೇಟರ್. ಏರಿಸಿದೆ. 10 ಇಟ್ಟಾಗ ಕೊರತೆ ಮೂರೂವರೆಗೆ ಇಳಿಯಿತು. 20 ಇಟ್ಟರೆ ಲೆಕ್ಕದ ಪ್ರಕಾರ ಎರಡರ ಒಳಗೆ ಬರಬೇಕಿತ್ತು, ಆದರೆ ಕಾಂಟ್ಯಾಕ್ಟರ್ ಬಡಿದ ಹಾಗೆ ಮೇಲೆ-ಕೆಳಗೆ ಆಡೋಕೆ ಶುರುವಾಯಿತು. ಪೆಟ್ಟಿಗೆ ಎಷ್ಟು ನಿಧಾನಕ್ಕೆ ಬಿಸಿಯಾಗುತ್ತೆ ಅನ್ನೋ ಟೈಮ್ ಕಾನ್‌ಸ್ಟೆಂಟ್ ಸುಮಾರು ಹತ್ತು ನಿಮಿಷ, ಹೀಟರಿನ ಬಿಸಿ ಸೆನ್ಸರ್ ಮುಟ್ಟೋಕೆ ಒಂದು ನಿಮಿಷ. ಅಂಥ ಲೂಪು 20 × 0.8 = 16ರ ಆಸುಪಾಸಿನ ಲೂಪ್ ಗೇನ್‌ಗೆ ಆಡೇ ಆಡುತ್ತೆ. ಕುಣಿಸಿದ್ದು ಐ ಅಲ್ಲ, ಅವನು ಹೇಳಿದ ಗೇನ್.

ಆಮೇಲೆ 40 ಪರ್ಸೆಂಟ್ ಬಯಾಸ್, ಅಂದರೆ ಕೊರತೆ ಇಲ್ಲದಿದ್ದರೂ ಹೋಗೋ ಪವರ್, ಕೈಯಾರೆ ತುಂಬಿದೆ. ಆ ಮಧ್ಯಾಹ್ನ ಸರಿಯಾಗಿ 60. ಹಸಿ ಶಾವಿಗೆ ಟ್ರೇ ಒಳಗೆ ಹೋದದ್ದೇ ತಡ, 56ಕ್ಕೆ ಕೂತಿತು. ನೀರು ಆವಿಯಾಗೋಕೆ ಬಿಸಿ ಬೇಕಲ್ಲ, ಬಯಾಸ್‌ಗೆ ಅದು ಗೊತ್ತಿಲ್ಲ. ಆ ಬಯಾಸ್ ತಾನಾಗೇ ತಿದ್ದಿಕೊಳ್ಳೋ ಹಾಗೆ ಮಾಡಬೇಕು. ಇಂಟಿಗ್ರೇಟರ್ ಮಾಡೋದು ಇಷ್ಟೇ ಕೆಲಸ.

ಗೆಳೆಯನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಗೇನ್ 5, ಇಂಟಿಗ್ರಲ್ ಟೈಮ್ 10 ನಿಮಿಷ, ಅಂದರೆ ಕೊರತೆ ಹಾಗೇ ನಿಂತರೆ ಪ್ರೊಪೋರ್ಷನಲ್ ಕೊಡೋ ಅಷ್ಟೇ ಪವರನ್ನು ಇಂಟಿಗ್ರೇಟರ್ ಹತ್ತು ನಿಮಿಷದಲ್ಲಿ ಕೂಡಿಸುತ್ತೆ. ಲೂಪು ಒಂದು ಡಿಗ್ರಿ ಕೊರತೆಯಲ್ಲೇ ನಿಂತಿದೆ ಅಂದ್ಕೊ. ಆಗ ಇಂಟಿಗ್ರೇಟರ್ ನಿಮಿಷಕ್ಕೆ ಅರ್ಧ ಪರ್ಸೆಂಟ್ ಪವರ್ ಏರಿಸ್ತಾನೇ ಇರುತ್ತೆ. ಪವರ್ ಏರ್ತಿದ್ದರೆ ಟೆಂಪರೇಚರ್ ನಿಂತಿರೋದು ಹೇಗೆ? ನಿಲ್ಲಬೇಕಾದರೆ ಇಂಟಿಗ್ರೇಟರ್ ನಿಲ್ಲಬೇಕು, ಅದು ನಿಲ್ಲೋದು ಒಳಗೆ ಬರೋ ಎರರ್ ಸೊನ್ನೆಯಾದಾಗ ಮಾತ್ರ. ಸೊನ್ನೆಯಾದಾಗ ಅದರ ಹೊಟ್ಟೆಯಲ್ಲಿ ಕೂಡಿದ 40 ಹಾಗೇ ಉಳಿಯುತ್ತೆ, ಸೋರಿಹೋಗಲ್ಲ. ಸೂತ್ರದಲ್ಲಿ ಹೇಳೋದಾದರೆ, ಲೂಪ್ ಗೇನ್ 4 ಇದ್ದ ಜಾಗಕ್ಕೆ `4/(600s)` ಬಂತು. 600 ಅಂದರೆ ಹತ್ತು ನಿಮಿಷದ ಸೆಕೆಂಡುಗಳು. ಎಲ್ಲಾ ನೆಲೆಗೆ ನಿಂತಾಗ s ಸೊನ್ನೆಗೆ ಹೋಗುತ್ತೆ, ಆಗ ಅದು ಅನಂತ, 32ನ್ನು ಅದರಿಂದ ಭಾಗಿಸಿದರೆ ಏನೂ ಉಳಿಯಲ್ಲ. ಲೂಪು ಟೈಪ್ 1 ಆಯಿತು. ಹತ್ತು ನಿಮಿಷ ಇಟ್ಟದ್ದು ಪೆಟ್ಟಿಗೆಯ ಟೈಮ್ ಕಾನ್‌ಸ್ಟೆಂಟಿಗೆ ಸರಿಹೊಂದಲಿ ಅಂತ, ಹಾಗಾದಾಗ ಮಾತ್ರ ಲೂಪು ಇಷ್ಟು ಸರಳವಾಗೋದು.

ಮೊದಲ ಸಲ ಹತ್ತು ಇಟ್ಟಿರಲಿಲ್ಲ. ಅವಸರದಲ್ಲಿ 2 ನಿಮಿಷ ಇಟ್ಟೆ. ತಣ್ಣಗಿನ ಪೆಟ್ಟಿಗೆ ಆನ್ ಮಾಡಿದರೆ 60 ದಾಟಿ ಎಂಬತ್ತರ ಹತ್ತಿರ ಹೋಯಿತು. ಎರಡು ಟ್ರೇ ಶಾವಿಗೆ ಸಿಡಿದು ಚೂರುಚೂರು, ಆರು ಕೆಜಿ ಇದ್ದಿರಬೇಕು, ದುಡ್ಡು ನಾನೇ ಕೊಟ್ಟೆ. ಹೀಟರ್ 100 ಪರ್ಸೆಂಟಿಗೆ ಮುಟ್ಟಿದ ಮೇಲೂ ಇಂಟಿಗ್ರೇಟರ್ ಕೂಡಿಸ್ತಾನೇ ಇತ್ತು, 60 ಮುಟ್ಟೋ ಹೊತ್ತಿಗೆ ಒಳಗೆ ಇನ್ನೂರು ದಾಟಿತ್ತು. ಅದನ್ನು ಕರಗಿಸೋಕೆ ಲೂಪು ಅಷ್ಟು ಹೊತ್ತು ಮೇಲೇ ಇರಬೇಕಾಯಿತು. ಕೋಡ್‌ನಲ್ಲಿ ಕೊನೆಗೆ ಒಂದು ಸಾಲು ಸೇರಿಸಿದೆ, ಪವರ್ 0 ಅಥವಾ 100ಕ್ಕೆ ಮುಟ್ಟಿದರೆ ಕೂಡಿಸೋದು ನಿಲ್ಲಲಿ ಅಂತ:

```c
e = sp - t;
u = Kc*e + I;
if (u > 0 && u < 100) I += Kc*e*dt/Ti;
```

ಹತ್ತು ನಿಮಿಷಕ್ಕೆ ಬದಲಾಯಿಸಿ, ಈ ಸಾಲು ಹಾಕಿದ ಮೇಲೆ 60ರ ಮೇಲೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಹೋಗಿಲ್ಲ. ಹಸಿ ಟ್ರೇ ಒಳಗೆ ಹೋದರೆ ಸ್ವಲ್ಪ ಇಳಿದು, ಹತ್ತು ಹದಿನೈದು ನಿಮಿಷದಲ್ಲಿ ವಾಪಸ್ 60. ಬಾಗಿಲು ತೆಗೆದಾಗ ಇಂಟಿಗ್ರೇಟರ್‌ಗೆ ನಾನು ಏನು ಮಾಡ್ತೀನಿ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. ಒಟ್ಟು ಖರ್ಚು ಎಸ್‌ಎಸ್‌ಆರ್, ಸೆನ್ಸರ್, ಬೋರ್ಡ್ ಸೇರಿ ಆರು ಸಾವಿರದ ಒಳಗೆ.

ನಿಧಾನವಾಗಿ ಬಿಸಿ ಮಾಡೋಣ ಅಂತ ಸೆಟ್‌ಪಾಯಿಂಟನ್ನು ನಿಮಿಷಕ್ಕೆ ಒಂದು ಡಿಗ್ರಿ ಏರಿಸಿ ನೋಡಿದೆ. ಟೆಂಪರೇಚರ್ ಎರಡೂವರೆ ಡಿಗ್ರಿ ಹಿಂದೇ ಬರ್ತಿತ್ತು. ಒಂದು ಇಂಟಿಗ್ರೇಟರ್ ಸ್ಟೆಪ್ಪಿನ, ಅಂದರೆ ಒಮ್ಮೆಗೇ ಬದಲಾಗಿ ನಿಲ್ಲೋ ಸೆಟ್‌ಪಾಯಿಂಟಿನ, ಎರರ್ ತೆಗೆಯುತ್ತೆ, ಹೀಗೆ ಏರ್ತಾನೇ ಇರೋ ರ‍್ಯಾಂಪಿನದನ್ನಲ್ಲ. ಶಾವಿಗೆಗೆ ಅದು ಬೇಕಾಗೂ ಇಲ್ಲ.

ಮನೆಯ ಸಿಂಟೆಕ್ಸ್ ಟ್ಯಾಂಕಿನಲ್ಲೂ ಆಡಿದೆ. ನೀರು ತುಂಬೋ ಟ್ಯಾಂಕ್ ತಾನೇ ಇಂಟಿಗ್ರೇಟರ್, ಹಾಗಾಗಿ ಐ ಇಲ್ಲದೆಯೇ ಮಟ್ಟ ಸರಿಯಾಗಿ ನಿಲ್ಲಬೇಕು. ನಲ್ಲಿ ಮುಚ್ಚಿದ್ದಾಗ ನಿಂತಿತು. ನಲ್ಲಿ ಬಿಟ್ಟೆ, ನಿಮಿಷಕ್ಕೆ 10 ಲೀಟರ್. ಒಂದು ಸೆಂಟಿಮೀಟರ್ ಕೊರತೆಗೆ ಪಂಪು 2 ಲೀಟರ್ ಕೊಡೋ ಹಾಗಿತ್ತು, ಮಟ್ಟ 5 ಸೆಂಟಿಮೀಟರ್ ಕೆಳಗೆ ಹೋಗಿ ಅಲ್ಲೇ ಉಳಿಯಿತು. ಇಂಟಿಗ್ರೇಟರ್ ನಲ್ಲಿಯ ಕಡೆ ಇದ್ದರೆ ಪಂಪಿಗೆ ಪ್ರಯೋಜನವಿಲ್ಲ, ಕಂಟ್ರೋಲರ್ ಒಳಗೇ ಇರಬೇಕು.

ಇನ್ನೊಂದು. ಇಂಟಿಗ್ರೇಟರ್ ಸೊನ್ನೆ ಮಾಡೋದು ತನಗೆ ಕಾಣೋ ಎರರ್ ಮಾತ್ರ. ರೆಸಿಸ್ಟೆನ್ಸ್ ಅಳೆದು ಟೆಂಪರೇಚರ್ ಹೇಳೋ ನನ್ನ ಪಿಟಿ 100 ಸೆನ್ಸರ್ ಕುದಿಯೋ ನೀರಿನಲ್ಲಿ ಸರಿಯಾಗಿ 100 ತೋರಿಸಿತು ಅಂತ ಖುಷಿಪಟ್ಟಿದ್ದೆ. ಆದರೆ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು 98ಕ್ಕೇ ಕುದಿಯುತ್ತೆ. ಎರಡು ಎಳೆ ಉದ್ದನೆ ವೈರಿನ ರೆಸಿಸ್ಟೆನ್ಸ್ ಮುಕ್ಕಾಲು ಓಮ್ ಸೇರಿ ಎರಡು ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಡಿಸ್‌ಪ್ಲೇಲಿ 60, ಒಳಗೆ 58. ಮೂರು ಎಳೆಯ ಸೆನ್ಸರ್ ಹಾಕಿದ ಮೇಲೆ ಅಕ್ಕ ಒಣಗಿಸೋ ಹೊತ್ತು ಇಪ್ಪತ್ತು ನಿಮಿಷ ಕಮ್ಮಿ ಮಾಡ್ಕೊಂಡರು.