ಕುದಿಸುವ ಮೊದಲು ಬಿಡಿಸಿ ತೊಳೆಯಬೇಕು: ಹಾಲಿನ ಬಾಟಲಿ ಮತ್ತು ಪಂಪ್‌ನ ಶುಚಿತ್ವ

ಮಗುವಿನ ಹಾಲಿನ ಬಾಟಲಿಗಾಗಲಿ, ಎದೆಹಾಲು ತೆಗೆಯುವ ಪಂಪ್‌ನ ಬಿಡಿಭಾಗಗಳಿಗಾಗಲಿ ಪ್ರತ್ಯೇಕ ಸ್ಟೆರಿಲೈಸರ್ ಕೊಳ್ಳಲೇಬೇಕೆಂದಿಲ್ಲ. ಮುಚ್ಚಳವಿರುವ ಅಗಲವಾದ ಒಂದು ಸ್ಟೀಲ್ ಪಾತ್ರೆ, ಒಂದು ಇಕ್ಕಳ, ಮಗುವಿನ ಸಾಮಾನಿಗೆಂದೇ ಮೀಸಲಾದ ಒಂದು ಬೇಸಿನ್ ಮತ್ತು ಒಂದು ಬ್ರಷ್ ಇದ್ದರೆ ಕೆಲಸ ನಡೆಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಕುದಿಸುವುದಕ್ಕೆ ಕೊಡುವ ಮಹತ್ವವನ್ನು ತೊಳೆಯುವುದಕ್ಕೆ ಕೊಡುವುದಿಲ್ಲ. ಹಾಲಿನ ಜಿಡ್ಡು ಉಳಿದ ಬಾಟಲಿಯನ್ನು ಎಷ್ಟು ಹೊತ್ತು ಕುದಿಸಿದರೂ ಆ ಜಿಡ್ಡು ಅಲ್ಲಿಯೇ ಬೆಂದು ಅಂಟಿಕೊಳ್ಳುತ್ತದೆಯೇ ಹೊರತು ಬಿಟ್ಟುಹೋಗುವುದಿಲ್ಲ, ಮತ್ತು ಆ ಪದರದ ಮರೆಯಲ್ಲಿ ಕ್ರಿಮಿಗಳು ಮತ್ತೆ ಬೆಳೆಯಲು ಆಸ್ಪದವಿರುತ್ತದೆ.

ಇದು ಸ್ಪಷ್ಟವಾಗಿ ಕಂಡದ್ದು ನನ್ನ ಸೊಸೆಯ ಬಾಣಂತನದಲ್ಲಿ. ಅವಳು ಮನೆಯಿಂದಲೇ ಕಚೇರಿಯ ಕೆಲಸವನ್ನು ಮತ್ತೆ ಆರಂಭಿಸಿದ್ದಳು, ದಿನಕ್ಕೆ ಹಲವು ಬಾರಿ ಪಂಪ್ ಬಳಸುತ್ತಿದ್ದಳು. ಒಂದು ಸಂಜೆ, "ಅತ್ತೆ, ಎರಡೆರಡು ಸಲ ಕುದಿಸಿದ್ದೇನೆ, ಆದರೂ ಬಾಟಲಿ ಕಮಟು ವಾಸನೆ ಬರುತ್ತಿದೆ ನೋಡಿ" ಎಂದಳು. ಇಲ್ಲಿ ಮೊದಲು ತಿಳಿಯಬೇಕಾದದ್ದು ವಾಸನೆ ಹಾಲಿನದೋ ಪಾತ್ರೆಯದೋ ಎಂಬುದು. ಶೇಖರಿಸಿಟ್ಟ ಎದೆಹಾಲಿಗೆ ಕೆಲವು ತಾಯಂದಿರಲ್ಲಿ ಸಾಬೂನಿನಂಥ ವಾಸನೆ ಬರುವುದುಂಟು; ಅದು ಹಾಲಿನಲ್ಲಿಯೇ ಇರುವ ಕೊಬ್ಬನ್ನು ಕರಗಿಸುವ ಕಿಣ್ವದಿಂದ ಆಗುವುದು, ಕೊಳೆಯಿಂದಲ್ಲ. ಆದ್ದರಿಂದ ಒಣಗಿದ ಖಾಲಿ ಬಾಟಲಿಯನ್ನು ಮೂಸಿ ನೋಡಬೇಕು. ಅವಳ ಖಾಲಿ ಬಾಟಲಿಯೇ ವಾಸನೆ ಬರುತ್ತಿತ್ತು. ಒಳಗೆ ಬೆರಳಾಡಿಸಿದರೆ ಜಾರುತ್ತಿತ್ತು, ನೀರು ಹಾಕಿದರೆ ಒಂದೇ ಸಮನಾಗಿ ಹರಡದೆ ಹನಿಹನಿಯಾಗಿ ನಿಲ್ಲುತ್ತಿತ್ತು. ಅದು ಕೊಬ್ಬಿನ ಪದರವೆಂಬುದಕ್ಕೆ ಇಷ್ಟು ಗುರುತು ಸಾಕು. ಪಂಪ್ ಅನ್ನು ಬಿಡಿಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದಾಗ, ಬಾತುಕೋಳಿಯ ಕೊಕ್ಕಿನಂತಿರುವ ಸಣ್ಣ ಸಿಲಿಕೋನ್ ವಾಲ್ವಿನ ಸೀಳಿನಲ್ಲಿ ನೂಲಿನಷ್ಟು ತೆಳ್ಳಗೆ ಹಳದಿ ಛಾಯೆಯ ಹಾಲಿನ ಗೆರೆ ಒಣಗಿ ಕೂತಿತ್ತು. ವಾಲ್ವನ್ನು ಅದರ ಜಾಗದಿಂದ ಕೀಳದೆ ಇಡಿಯಾಗಿ ತೊಳೆದು, ಇಡಿಯಾಗಿಯೇ ಕುದಿಸುತ್ತಿದ್ದುದು ಇದಕ್ಕೆ ಕಾರಣ.

ಆದುದರಿಂದ ಮಗು ಕುಡಿದ ಅಥವಾ ಹಾಲು ತೆಗೆದ ಕೂಡಲೇ ಎಲ್ಲವನ್ನೂ ಬಿಡಿಸುವುದು ಮೊದಲ ಕೆಲಸ. ಬಾಟಲಿಯಲ್ಲಿ ನಿಪ್ಪಲ್, ಅದನ್ನು ಹಿಡಿದಿಡುವ ರಿಂಗ್, ಮುಚ್ಚಳ, ಗಾಳಿ ಹೋಗುವ ಬಿಡಿಭಾಗವಿದ್ದರೆ ಅದು. ಪಂಪ್‌ನಲ್ಲಿ ಎದೆಗೆ ಕೂರಿಸುವ ಆಲಿಕೆ, ವಾಲ್ವ್, ಹಾಲು ತುಂಬುವ ಬಾಟಲಿ ಹೀಗೆ ಹಾಲು ತಾಗುವ ಪ್ರತಿಯೊಂದೂ ಬೇರೆಯಾಗಬೇಕು. ಮೊದಲು ತಣ್ಣೀರಿನಲ್ಲಿ ಅಲುಬಬೇಕು, ಏಕೆಂದರೆ ಒಮ್ಮೆಗೇ ಬಿಸಿನೀರು ಬಿದ್ದರೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಅಂಟುತ್ತದೆ. ಅನಂತರ ಕೈಗೆ ತಾಳುವಷ್ಟು ಬಿಸಿಯಾದ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ಬೆರೆಸಿ, ಮೀಸಲು ಬೇಸಿನ್ನಿನಲ್ಲಿಯೇ ಬ್ರಷ್‌ನಿಂದ ಉಜ್ಜಬೇಕು. ಕೊಬ್ಬು ಬಿಡುವುದಕ್ಕೆ ಈ ಬಿಸಿಯೂ ಸಾಬೂನೂ ಎರಡೂ ಬೇಕು. ಸಿಂಕಿನೊಳಗೆ ನೇರವಾಗಿ ಹಾಕಿ ತೊಳೆಯುವುದು ಸಲ್ಲದು. ಸೊಪ್ಪಿನ ಮಣ್ಣು, ಮಾಂಸ ತೊಳೆದ ನೀರು ಎಲ್ಲವೂ ಅಲ್ಲಿಯೇ ಹರಿದಿರುತ್ತದೆ. ಅಡುಗೆ ಪಾತ್ರೆ ಉಜ್ಜುವ ಸ್ಪಂಜು, ಸ್ಟೀಲ್ ನಾರು, ಸಬೀನಾ ಪುಡಿ, ಬೂದಿ ಇವೆಲ್ಲ ಪ್ಲಾಸ್ಟಿಕ್ಕನ್ನು ಗೀರುತ್ತವೆ, ಮತ್ತು ಒಂದೊಂದು ಗೀರಿನಲ್ಲಿಯೂ ಹಾಲು ಕೂರುತ್ತದೆ.

ರಿಂಗಿನ ಒಳಗಿನ ಮರೆಗಳು ಮತ್ತು ಬಾಟಲಿಯ ಕುತ್ತಿಗೆಯ ಸುತ್ತಿನ ಏಣುಗಳು ಅತಿ ಹೆಚ್ಚು ಮರೆತುಹೋಗುವ ಜಾಗಗಳು. ನಿಪ್ಪಲ್ಲಿಗೆ ಒಳಗಿನಿಂದ ನೀರು ತುಂಬಿ ಹಿಸುಕಿದರೆ ತೂತಿನ ಮೂಲಕ ಧಾರೆ ಬರಬೇಕು, ಬಾರದಿದ್ದರೆ ತೂತಿನಲ್ಲಿ ಹಾಲು ಒಣಗಿದೆಯೆಂದು ಅರ್ಥ. ವಾಲ್ವನ್ನು ಮಾತ್ರ ಬ್ರಷ್‌ನಿಂದಾಗಲಿ ಪಿನ್ನಿನಿಂದಾಗಲಿ ಚುಚ್ಚಬಾರದು, ಸೀಳು ಸ್ವಲ್ಪ ಅಗಲವಾದರೂ ಪಂಪ್‌ನ ಎಳೆತ ಕುಗ್ಗುತ್ತದೆ. ಸಾಬೂನು ನೀರಿನಲ್ಲಿ ಬೆರಳುಗಳ ನಡುವೆ ಮೆಲ್ಲನೆ ಹಿಸುಕಿ ತೊಳೆದರೆ ಸಾಕು. ಮೋಟರಿಗೆ ಹೋಗುವ ಕೊಳವೆಗೆ ಹಾಲು ತಾಗುವುದಿಲ್ಲವಾದ್ದರಿಂದ ಅದನ್ನು ನೀರಿಗೆ ಹಾಕುವುದು ಬೇಡ. ಅದರಲ್ಲಿ ಬೆವರಿನಂತೆ ಹನಿಗಳು ಕಂಡರೆ, ಹಾಲು ತೆಗೆದ ಮೇಲೆ ಪಂಪ್ ಅನ್ನು ಇನ್ನೂ ಕೆಲವು ನಿಮಿಷ ಸುಮ್ಮನೆ ಓಡಿಸಿದರೆ ಆರುತ್ತವೆ. ಒಳಗೆ ಕಪ್ಪು ಬೂಷ್ಟು ಕಂಡರೆ ತೊಳೆಯುವ ಪ್ರಯತ್ನ ಮಾಡದೆ ಕೊಳವೆಯನ್ನೇ ಬದಲಾಯಿಸಬೇಕು.

ಸಾಬೂನು ನೀರಿನಲ್ಲಿ ನೆನೆಹಾಕಿ, ಬಿಡುವಾದಾಗ ತೊಳೆದರಾಯಿತೆಂಬ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 2016ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಒಂದು ಶಿಶುವಿಗೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಮೆದುಳುಪೊರೆಯ ಉರಿಯೂತವಾಯಿತು. ವಿಚಾರಿಸಿದಾಗ ತಿಳಿದದ್ದು, ಮನೆಯ ಪಂಪ್‌ನ ಭಾಗಗಳನ್ನು ಕೆಲವೊಮ್ಮೆ ಐದು ಗಂಟೆಯವರೆಗೆ ಸಾಬೂನು ನೀರಿನಲ್ಲಿ ಬಿಟ್ಟು, ಉಜ್ಜದೆ, ಕುದಿಸದೆ, ಬರೀ ಅಲುಬಿ ಒಣಗಿಸಿ ಜಿಪ್ ಚೀಲದಲ್ಲಿಡುತ್ತಿದ್ದರೆಂದು. ಹಾಲಿನ ಅಂಶವಿರುವ ಉಗುರುಬೆಚ್ಚಗಿನ ನೀರು ಕ್ರಿಮಿಗಳಿಗೆ ಇಷ್ಟವಾದ ತಾಣ.

ಈಗ ಕುದಿಸುವ ಮಾತು. ಪಾತ್ರೆಯ ತಳದಲ್ಲಿ ಬೋರಲು ಹಾಕಿದ ಒಂದು ಇಡ್ಲಿ ತಟ್ಟೆಯನ್ನೋ ಸ್ಟೀಲ್ ತಟ್ಟೆಯನ್ನೋ ಇಟ್ಟರೆ ಪ್ಲಾಸ್ಟಿಕ್ ತಳಕ್ಕೆ ತಾಗಿ ಸೊಟ್ಟಗಾಗುವುದಿಲ್ಲ. ಬಾಟಲಿಗಳ ಒಳಗೆಲ್ಲ ನೀರು ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಬೇಕು, ಏಕೆಂದರೆ ತೇಲುವ ಭಾಗಕ್ಕೆ ಕುದಿತ ತಟ್ಟುವುದಿಲ್ಲ. ವಾಲ್ವಿನಂಥ ಸಣ್ಣ ಭಾಗಗಳನ್ನು ಸ್ಟೀಲ್ ಟೀ ಸೋಸುವ ಜಾಲರಿಯಲ್ಲಿಟ್ಟು ಜಾಲರಿಯನ್ನೇ ಮುಳುಗಿಸಿದರೆ ಅವು ತಳಕ್ಕೆ ಅಂಟುವುದೂ ಕಳೆದುಹೋಗುವುದೂ ತಪ್ಪುತ್ತದೆ. ಗಾಜಿನ ಬಾಟಲಿಯಾದರೆ ತಣ್ಣೀರಿನಲ್ಲಿ ಇಟ್ಟೇ ಒಲೆ ಹಚ್ಚಬೇಕು. ನೀರು ಕೊತಕೊತನೆ ಕುದಿಯಲಾರಂಭಿಸಿದ ಮೇಲೆ ಲೆಕ್ಕ ಹಿಡಿದು, ಮುಚ್ಚಳ ಮುಚ್ಚಿ 5 ನಿಮಿಷ ಕುದಿಸಬೇಕು. ಪಂಪ್ ತಯಾರಕರ ಕೈಪಿಡಿಯಲ್ಲಿ ಬೇರೆ ಅವಧಿಯಿದ್ದರೆ ಅದನ್ನೇ ಅನುಸರಿಸಬೇಕು. 10 ನಿಮಿಷವೆನ್ನುವ ವೈದ್ಯರೂ ಇದ್ದಾರೆ, ಅದರಿಂದ ತೊಂದರೆಯೇನಿಲ್ಲ, ನಿಪ್ಪಲ್ ಮಾತ್ರ ಬೇಗ ಸವೆಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಆದರೂ ಈ ಕೆಲಸಕ್ಕೆ ಅಷ್ಟು ಕಾವು ಧಾರಾಳ. ಕುಕ್ಕರಿಗೆ ವೆಯ್ಟ್ ಹಾಕಿ ವಿಷಲ್ ಕೂಗಿಸುವುದು ಬೇಡ, ಆ ಒತ್ತಡದ ಕಾವನ್ನು ಎಲ್ಲ ಪ್ಲಾಸ್ಟಿಕ್ಕೂ ತಡೆಯುವುದಿಲ್ಲ. ಗೀಸರಿನ ನೀರು ಹುಯ್ಯುವುದು, ಬಿಸಿಲಿಗಿಡುವುದು ಕುದಿಸುವುದಕ್ಕೆ ಬದಲಿಯಾಗಲಾರದು. ಬ್ಲೀಚಿಂಗ್ ದ್ರವದಿಂದ ಶುಚಿ ಮಾಡುವ ವಿಧಾನವೂ ಇದೆ, ಆದರೆ ಅಂಗಡಿಯ ದ್ರವಗಳ ಸಾಂದ್ರತೆ ಒಂದೊಂದರದು ಒಂದೊಂದು ಬಗೆಯಾದ್ದರಿಂದ ಮನೆಯಲ್ಲಿ ಅದರ ಗೋಜಿಗೆ ಹೋಗದಿರುವುದೇ ಲೇಸು.

ಪ್ರತಿ ಬಳಕೆಯ ನಂತರವೂ ತೊಳೆಯುವುದು ಕಡ್ಡಾಯ. ಎರಡು ತಿಂಗಳು ತುಂಬದ, ಅವಧಿಗೆ ಮುನ್ನ ಹುಟ್ಟಿದ ಅಥವಾ ರೋಗನಿರೋಧಕ ಶಕ್ತಿ ಕುಂದಿದ ಮಗುವಿದ್ದರೆ ದಿನಕ್ಕೊಮ್ಮೆಯಾದರೂ ಕುದಿಸಲೇಬೇಕು. ಪುಡಿಹಾಲು ಕೊಡುವ ಬಾಟಲಿಯನ್ನಂತೂ ಪ್ರತಿ ಸಲವೂ ಕುದಿಸುವುದು ಒಳ್ಳೆಯದು. ಟ್ಯಾಂಕರ್ ನೀರನ್ನೋ ಬೋರ್‌ವೆಲ್ ನೀರನ್ನೋ ನೆಚ್ಚಿರುವ ಮನೆಗಳಲ್ಲಿ ಮಗುವಿಗೆ ವರ್ಷ ತುಂಬುವವರೆಗೂ ದಿನಕ್ಕೊಮ್ಮೆ ಕುದಿಸುವ ಪದ್ಧತಿಯನ್ನು ಬಿಡಬಾರದೆಂಬುದು ನನ್ನ ಅಭಿಪ್ರಾಯ. ಹಾಲು ಕುಡಿಸಲು ಒಳಲೆಯನ್ನು ಬಳಸುವವರ ಕೆಲಸ ಇದಕ್ಕಿಂತ ಎಷ್ಟೋ ಹಗುರ, ಏಕೆಂದರೆ ಅದರಲ್ಲಿ ಹಾಲು ಅಡಗುವ ಮೂಲೆಗಳೇ ಇಲ್ಲ.

ಬೋರ್‌ವೆಲ್ ನೀರಿನಲ್ಲಿ ಕುದಿಸಿದ ಬಾಟಲಿಯ ಮೇಲೆ ಬಿಳಿಯ ಪದರ ಕಟ್ಟುವುದು ಸಾಮಾನ್ಯ. ಅದು ನೀರಿನ ಗಡಸುತನದ ಸುಣ್ಣ, ಕೊಬ್ಬಲ್ಲ: ಒಣಗಿದಾಗ ಪುಡಿಪುಡಿಯಾಗಿ ಉಗುರಿಗೆ ಬರುತ್ತದೆ, ಬೆರಳಿಗೆ ಜಾರುವುದಿಲ್ಲ, ಸಾಬೂನಿಗೆ ಬಗ್ಗದಿದ್ದರೂ ಒಂದು ಹನಿ ನಿಂಬೆರಸಕ್ಕೆ ಕರಗುತ್ತದೆ. ಸಮಪ್ರಮಾಣದ ಬಿಳಿ ವಿನೆಗರ್ ಮತ್ತು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಮತ್ತೆ ಕುದಿಸಿದರೆ ಹೋಗುತ್ತದೆ. ಕುದಿಸುವುದಕ್ಕೆ ಆರ್‌ಒ ನೀರನ್ನು ಬಳಸಿದರೆ ಆ ತೊಡಕೇ ಬರುವುದಿಲ್ಲ. ಸುಣ್ಣದಿಂದ ಮಗುವಿಗೆ ನೇರವಾಗಿ ಅಪಾಯವಿಲ್ಲವಾದರೂ ಅದರ ಒರಟು ಮೈಗೆ ಹಾಲಿನ ಕಣಗಳು ಸುಲಭವಾಗಿ ಅಂಟುತ್ತವೆ.

ಒಣಗಿಸುವಾಗ ಆತುರ ಪಡಬಾರದು. ಕೈಗಳನ್ನು ಸಾಬೂನಿನಿಂದ ತೊಳೆದು, ಇಕ್ಕಳದಿಂದ ಒಂದೊಂದನ್ನೇ ಎತ್ತಿ, ನೀರನ್ನು ಕೊಡವಿ, ಒಗೆದು ಒಣಗಿಸಿದ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಬೇಕು. ಅಡುಗೆಮನೆಯ ಕೈವಸ್ತ್ರದಿಂದ ಒಳಗೆ ಒರೆಸಿದರೆ ಕುದಿಸಿ ಪಡೆದ ಶುಚಿತ್ವ ಅಲ್ಲಿಗೇ ಮುಗಿಯಿತು. ಆಷಾಢ, ಶ್ರಾವಣದ ಥಂಡಿ ಗಾಳಿಯ ದಿನಗಳಲ್ಲಿ ವಾಲ್ವಿನ ಒಳಗಿನ ಪಸೆ ಆರುವುದಕ್ಕೆ ರಾತ್ರಿಯಿಡೀ ಬೇಕಾಗುತ್ತದೆ, ಆದ್ದರಿಂದ ಸಂಜೆಯೇ ಕುದಿಸಿಟ್ಟುಕೊಳ್ಳುವುದು ಅನುಕೂಲ. ತಕ್ಷಣ ಬಳಸುವುದಾದರೆ ಕುದಿದ ನೀರಿನ ಹನಿಗಳಿದ್ದರೂ ಚಿಂತೆಯಿಲ್ಲ. ಎತ್ತಿಡುವುದಾದರೆ ಮಾತ್ರ ಪೂರ್ತಿ ಒಣಗಿದ ಮೇಲೆಯೇ ಶುಭ್ರವಾದ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಬೇಕು.

ನನ್ನ ಸೊಸೆಯ ಬಾಟಲಿಗಳ ವಾಸನೆ, ವಾಲ್ವನ್ನು ಬಿಡಿಸಿ ಹೀಗೆ ತೊಳೆಯತೊಡಗಿದ ಮೇಲೆ ಹೋಯಿತು, ಆದರೆ ಒಂದು ಹಳೆಯ ಬಾಟಲಿಯನ್ನು ಎಸೆಯಲೇಬೇಕಾಯಿತು, ಅದರ ಒಳಗೆಲ್ಲ ಗೀರುಗಳಿದ್ದವು. ನಿಪ್ಪಲ್ ಅಂಟಂಟಾದರೆ, ಉಬ್ಬಿದರೆ ಅಥವಾ ಎಳೆದಾಗ ಬಿರುಕು ಕಂಡರೆ, ವಾಲ್ವಿನ ಸೀಳು ಸುಮ್ಮನಿದ್ದಾಗ ಪೂರ್ತಿ ಮುಚ್ಚದಿದ್ದರೆ ಅವುಗಳನ್ನೂ ಬದಲಾಯಿಸಬೇಕು. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿ, ಮೊದಲ ಬಳಕೆಗೆ ಮುನ್ನವೇ ಬಿಡಿಸಿ ತೊಳೆದು ಕುದಿಸಬೇಕು.