ನಿಧಾನವಾಗಿ ಉಂಡರೆ ಕಡಿಮೆ ಉಣ್ಣುತ್ತೇವೆಯೇ? ತೂಕ ಮಾಡಿ ನೋಡಿದ ನನ್ನ ಅನುಭವ

ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡಲು ತೊಡಗಿದಂದಿನಿಂದ ನನ್ನ ಬಳಿ ಬಂದವರಿಗೆಲ್ಲ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ: ತುತ್ತನ್ನು ಮೂವತ್ತೆರಡು ಸಲ ಅಗಿಯಿರಿ, ನಿಧಾನವಾಗಿ ಊಟ ಮಾಡಿ, ತಾನಾಗಿಯೇ ಕಡಿಮೆ ತಿನ್ನುತ್ತೀರಿ. ಮದ್ದೂರಿನ ಕಡೆಯ ಒಬ್ಬ ರೈತರು ಇದನ್ನು ಸಮಾಧಾನದಿಂದ ಕೇಳಿಸಿಕೊಂಡು, "ಮುದ್ದೇನ ಅಗ್ದು ತಿನ್ನೋದುಂಟಾ ಮೇಡಮ್? ಅದು ನುಂಗೋದಲ್ವಾ?" ಎಂದರು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು ಹಲ್ಲಿಗೆ ತಾಗದೆ ಗಂಟಲಿಗೆ ಇಳಿಯುವುದನ್ನು ಬಾಲ್ಯದಿಂದ ಕಂಡವಳು ನಾನು. ಆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಲಹೆ ಕೊಡುತ್ತಿದ್ದೆನಲ್ಲ ಎಂಬ ಕಸಿವಿಸಿಯಿಂದಲೇ, ಮೊದಲು ನನ್ನ ಊಟವನ್ನು ನಾನೇ ಅಳೆದು ನೋಡಬೇಕೆಂದು ನಿಶ್ಚಯಿಸಿದೆ.

ಅಳೆಯುವ ಕ್ರಮ ಸರಳವಾಗಿತ್ತು. ರಾತ್ರಿಯೂಟಕ್ಕೆ ಅನ್ನ, ತೊಗರಿಬೇಳೆ ಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ ಎಂದು ಅಡುಗೆಯನ್ನು ಗೊತ್ತುಮಾಡಿಕೊಂಡೆ. ನನಗೆಂದೇ ಬೇರೆ ಪಾತ್ರೆಯಲ್ಲಿ 500 ಗ್ರಾಂ ಅನ್ನವಿಟ್ಟು, ಬೇಕಾದಷ್ಟನ್ನು ಬಡಿಸಿಕೊಂಡು, ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲು ಯಜಮಾನರಿಗೆ ಹೇಳಿದೆ. ಅಂಕಿಗಳು ಕಣ್ಣಿಗೆ ಬಿದ್ದರೆ ನನಗೇ ಗೊತ್ತಿಲ್ಲದಂತೆ ಕೈ ಬಿಗಿಹಿಡಿಯಬಹುದೆಂಬ ಕಾರಣಕ್ಕೆ, ನಾಲ್ಕು ವಾರ ಮುಗಿಯುವವರೆಗೆ ಅವರು ಬರೆದಿಟ್ಟ ಪುಸ್ತಕವನ್ನು ನಾನು ತೆರೆಯಲಿಲ್ಲ. ಮೊದಲ ಎರಡು ವಾರ ಎಂದಿನಂತೆ ಉಂಡೆ. ಮುಂದಿನ ಎರಡು ವಾರ ನಿಧಾನವಾಗಿ ಉಂಡೆ. ಮಧ್ಯಾಹ್ನ ಕೆಲಸದ ಸ್ಥಳಕ್ಕೆ ಒಯ್ಯುವ ಡಬ್ಬಿಯೂಟವನ್ನೂ ಇದೇ ರೀತಿ ಗಮನಿಸಿದೆ.

ನಿಧಾನವಾಗಿ ಉಣ್ಣುವುದು ಹೇಗೆಂಬುದೇ ಮೊದಲ ತೊಡಕಾಯಿತು. ಸಾರನ್ನದ ತುತ್ತು ಎಂಟು ಹತ್ತು ಸಲ ಅಗಿಯುವಷ್ಟರಲ್ಲಿ ಬಾಯಲ್ಲಿ ಕರಗಿ ನೀರಾಗುತ್ತದೆ. ಮೂವತ್ತೆರಡರವರೆಗೆ ಎಣಿಸುವಾಗ ಗಮನವೆಲ್ಲ ಎಣಿಕೆಯ ಮೇಲಿದ್ದು, ಊಟದ ರುಚಿಯೇ ತಿಳಿಯುವುದಿಲ್ಲ. ಚಮಚವನ್ನು ಕೆಳಗಿಡಿ ಎಂಬ ಸಲಹೆ ಕೈಯಲ್ಲಿ ಉಣ್ಣುವ ನಮಗೆ ಹೊಂದುವುದಿಲ್ಲ. ಮೂರನೆಯ ರಾತ್ರಿ ನನ್ನ ಕೈಯನ್ನೇ ನೋಡುತ್ತ ಕುಳಿತಾಗ ವಿಷಯ ಸ್ಪಷ್ಟವಾಯಿತು. ಬಾಯಲ್ಲಿ ತುತ್ತು ಇರುವಾಗಲೇ ನನ್ನ ಬೆರಳುಗಳು ಮುಂದಿನ ತುತ್ತನ್ನು ಕಲಸಿ, ಉಂಡೆ ಮಾಡಿ, ತಟ್ಟೆಯ ಅಂಚಿಗೆ ತಂದು ಕಾಯುತ್ತಿದ್ದವು. ಕೈಯಲ್ಲಿ ಸಿದ್ಧವಾಗಿರುವ ಆ ತುತ್ತು ಬಾಯಲ್ಲಿರುವುದನ್ನು ಬೇಗ ನುಂಗುವಂತೆ ಅವಸರಪಡಿಸುತ್ತಿತ್ತು. ಅಂದಿನಿಂದ ಒಂದೇ ನಿಯಮ ಇಟ್ಟುಕೊಂಡೆ: ಬಾಯಿ ಖಾಲಿಯಾಗುವವರೆಗೆ ಅನ್ನಕ್ಕೆ ಕೈ ಹಾಕುವುದಿಲ್ಲ. ಎಣಿಕೆಯಿಲ್ಲದೆ, ಗಡಿಯಾರವನ್ನು ನೋಡದೆ, ಈ ಒಂದು ನಿಯಮದಿಂದಲೇ ಹನ್ನೊಂದು ನಿಮಿಷದ ಊಟ ಇಪ್ಪತ್ತು ನಿಮಿಷಗಳನ್ನು ದಾಟಿತು.

ಪುಸ್ತಕ ತೆರೆದಾಗ ಎರಡು ಬೇರೆ ಬೇರೆ ಫಲಿತಾಂಶಗಳು ಕಂಡವು. ರಾತ್ರಿಯೂಟದಲ್ಲಿ ಸರಾಸರಿ 290 ಗ್ರಾಂ ಇದ್ದ ಅನ್ನ, ನಿಧಾನದ ವಾರಗಳಲ್ಲಿ 235 ಗ್ರಾಂಗೆ ಇಳಿದಿತ್ತು. ಡಬ್ಬಿಯೂಟದಲ್ಲಿ ಒಂದು ಗ್ರಾಂ ಕೂಡ ವ್ಯತ್ಯಾಸವಿರಲಿಲ್ಲ, ಏಕೆಂದರೆ ಬೇಗ ಉಂಡರೂ ತಡವಾಗಿ ಉಂಡರೂ ಡಬ್ಬಿಯನ್ನು ಖಾಲಿ ಮಾಡಿಯೇ ಏಳುತ್ತಿದ್ದೆ. ಇಷ್ಟು ವರ್ಷಗಳಲ್ಲಿ ನನಗೆ ಹೊಳೆಯದಿದ್ದ ಸಂಗತಿ ಇದು. ನಿಧಾನವು ಮೊದಲ ಬಡಿಸಿಕೆಯನ್ನು ಮುಟ್ಟುವುದಿಲ್ಲ. ಎರಡನೆಯ ಸಲ ಪಾತ್ರೆಗೆ ಕೈ ಚಾಚುವ ಹೊತ್ತಿನಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಬೇಗ ಉಣ್ಣುವಾಗ ಆ ಹೊತ್ತು ಆರನೆಯ ನಿಮಿಷಕ್ಕೆ ಬರುತ್ತಿತ್ತು, ನಿಧಾನವಾಗಿ ಉಣ್ಣುವಾಗ ಹದಿನಾಲ್ಕನೆಯ ನಿಮಿಷಕ್ಕೆ. ಅಷ್ಟರಲ್ಲಿ ಹೊಟ್ಟೆ ಹಿಗ್ಗಿದ ಅರಿವೂ ಕರುಳಿನಿಂದ ಹೊರಡುವ ತೃಪ್ತಿಯ ಹಾರ್ಮೋನುಗಳ ಸೂಚನೆಯೂ ಒಂದಷ್ಟು ಮಿದುಳನ್ನು ತಲುಪಿರುತ್ತವೆ, ಸೌಟು ಅರ್ಧಕ್ಕೇ ನಿಲ್ಲುತ್ತದೆ. ತಟ್ಟೆ ಬರಿದಾಗುವವರೆಗೆ ಏಳಬಾರದೆಂದು ಬೆಳೆದವರಿಗೆ, ಬಡಿಸಿದ್ದೆಲ್ಲ ಮೊದಲೇ ತಟ್ಟೆಯಲ್ಲಿದ್ದರೆ ನಿಧಾನದಿಂದ ಏನೂ ಸಿಗುವುದಿಲ್ಲ.

ನನ್ನೊಬ್ಬಳ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲವಾದ್ದರಿಂದ ಪ್ರಕಟವಾದ ಅಧ್ಯಯನಗಳೊಂದಿಗೆ ಹೋಲಿಸಿ ನೋಡಿದೆ. ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಹಿಳೆಯರು ಒಂದೇ ಬಗೆಯ ಊಟವನ್ನು ಒಮ್ಮೆ ಬೇಗನೆ, ಒಮ್ಮೆ ನಿಧಾನವಾಗಿ, ಸಾಕೆನಿಸುವವರೆಗೆ ತಿಂದಿದ್ದರು. ಬೇಗ ತಿಂದಾಗ ಸುಮಾರು 9 ನಿಮಿಷಗಳಲ್ಲಿ 646 ಕ್ಯಾಲೊರಿ, ನಿಧಾನವಾಗಿ ತಿಂದಾಗ 29 ನಿಮಿಷಗಳಲ್ಲಿ 579 ಕ್ಯಾಲೊರಿ. ವ್ಯತ್ಯಾಸ 67 ಕ್ಯಾಲೊರಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 50 ಗ್ರಾಂ ಅನ್ನ; ನನ್ನ ತಕ್ಕಡಿ ಹೇಳಿದ್ದೂ ಬಹುಮಟ್ಟಿಗೆ ಅಷ್ಟನ್ನೇ. ನಿಧಾನವಾಗಿ ತಿಂದವರು ಹೆಚ್ಚು ನೀರನ್ನೂ ಕುಡಿದಿದ್ದರೆಂಬುದನ್ನು ಮರೆಯಬಾರದು, ಆ ವ್ಯತ್ಯಾಸದಲ್ಲಿ ನೀರಿನ ಪಾಲೂ ಇರಬಹುದು. ಆದರೆ ಟೆಕ್ಸಾಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಾಮಾನ್ಯ ತೂಕದವರು ಸ್ಪಷ್ಟವಾಗಿ ಕಡಿಮೆ ತಿಂದರೆ, ಅಧಿಕ ತೂಕದವರಲ್ಲಿ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಎರಡನೆಯ ಗುಂಪಿನವರು. ಹಾಗಾಗಿ "ತಾನಾಗಿಯೇ ಕಡಿಮೆ ತಿನ್ನುತ್ತೀರಿ" ಎಂಬ ಮಾತನ್ನು ನಾನು ಕೈಬಿಟ್ಟಿದ್ದೇನೆ.

ಗಮನವಿಟ್ಟು ಉಣ್ಣುವುದು ಮತ್ತು ನಿಧಾನವಾಗಿ ಉಣ್ಣುವುದು ಒಂದೇ ಅಲ್ಲವೆಂಬುದೂ ಈ ನಾಲ್ಕು ವಾರಗಳಲ್ಲೇ ತಿಳಿಯಿತು. ಮಧ್ಯಾಹ್ನ ಮೊಬೈಲ್ ನೋಡುತ್ತ ಡಬ್ಬಿ ಖಾಲಿ ಮಾಡಿದ ದಿನಗಳಲ್ಲಿ, ಸಂಜೆ ಐದಕ್ಕೆ ಊಟದಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಲು ತಡಕಾಡುತ್ತಿದ್ದೆ, ಕಾಫಿಯ ಜೊತೆ ಚಕ್ಕುಲಿಯ ಡಬ್ಬಕ್ಕೆ ಕೈ ಹೋಗುತ್ತಿತ್ತು. ಮೊಬೈಲನ್ನು ಚೀಲದಲ್ಲಿಟ್ಟು ಎಂದಿನ ವೇಗದಲ್ಲೇ ಉಂಡ ದಿನಗಳಲ್ಲಿ ಆ ಸೆಳೆತ ಕಡಿಮೆಯಿತ್ತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸುಜೇನ್ ಹಿಗ್ಸ್ ಅವರ ಪ್ರಯೋಗದಲ್ಲಿಯೂ ಟಿ.ವಿ. ನೋಡುತ್ತ ಮಧ್ಯಾಹ್ನದ ಊಟ ಮಾಡಿದವರು ಆಮೇಲೆ ಹೆಚ್ಚು ಬಿಸ್ಕತ್ತು ತಿಂದಿದ್ದರು, ಊಟದ ನೆನಪೂ ಅವರಲ್ಲಿ ಅಷ್ಟು ಗಟ್ಟಿಯಾಗಿರಲಿಲ್ಲ. ಡಬ್ಬಿಯೂಟದವರಿಗೆ ನಿಧಾನಕ್ಕಿಂತ ಇದು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಮದ್ದೂರಿನ ಆ ರೈತರು ಮತ್ತೆ ಬಂದಾಗ ಅಗಿಯುವ ಮಾತನ್ನು ಎತ್ತಲಿಲ್ಲ. ಒಂದು ದೊಡ್ಡ ಮುದ್ದೆಯ ಬದಲು ಅದೇ ಹಿಟ್ಟಿನಲ್ಲಿ ಎರಡು ಸಣ್ಣ ಮುದ್ದೆ ಕಟ್ಟಲು ಅವರ ಹೆಂಡತಿಗೆ ಹೇಳಿದೆ. ಒಂದು ತಟ್ಟೆಗೆ, ಇನ್ನೊಂದು ಪಾತ್ರೆಯಲ್ಲೇ ಮುಚ್ಚಿರಲಿ; ಮೊದಲನೆಯದು ಮುಗಿದ ಮೇಲೆ ಅಗಿದು ತಿನ್ನಲೇಬೇಕಾದ ಸೌತೆಕಾಯಿಯನ್ನೋ ಮೂಲಂಗಿಯನ್ನೋ ಒಂದು ಬಟ್ಟಲು ತಿಂದು, ಆಮೇಲೂ ಹಸಿವೆನಿಸಿದರೆ ಎರಡನೆಯದನ್ನು ಕೇಳಬಹುದು ಎಂದೆ. ತಿಂಗಳ ನಂತರ ಅವರ ಹೆಂಡತಿಯೇ ವರದಿ ಒಪ್ಪಿಸಿದರು: "ವಾರದಾಗೆ ಮೂರ್ನಾಕು ದಿನ ಎರಡನೇದು ಹಂಗೇ ಉಳೀತದೆ ಮೇಡಮ್, ಕಬ್ಬು ಕಡಿಯೋ ದಿನ ಮಾತ್ರ ಎರಡೂ ಬೇಕು ಅಂತಾರೆ." ಕಬ್ಬು ಕಡಿಯುವ ದಿನ ಎರಡನ್ನೂ ಕೊಡಿ ಎಂದು ಹೇಳಿ ಕಳುಹಿಸಿದೆ.